ಮೂಲೆಯಲ್ಲಿ ಬಿದ್ದಿದ್ದ 51 ವಾಪಸ್ ಪಾರ್ಸೆಲ್‌ಗಳು: ಒಂದು ಶೂ ವ್ಯಾಪಾರದ ಸಿಒಡಿ ಲೆಕ್ಕ

ಸ್ವಂತ ವೆಬ್‌ಸೈಟ್‌ನಲ್ಲಿ ಶೂ ಮಾರುವ ಒಬ್ಬ ಮಹಿಳೆ ನನ್ನನ್ನು ಕರೆದಿದ್ದು ಸ್ಟಾಕ್ ಕಳುವಾಗುತ್ತಿದೆ ಎಂಬ ಅನುಮಾನದಿಂದ. ಸಿಸ್ಟಂನಲ್ಲಿ ಶೂ ಇದೆ ಅಂತ ತೋರಿಸುತ್ತದೆ, ಶೆಲ್ಫ್‌ನಲ್ಲಿ ಹುಡುಕಿದರೆ ಇಲ್ಲ. ಪ್ಯಾಕಿಂಗ್ ಮಾಡುವ ಹುಡುಗನ ಮೇಲೆ ಸಂಶಯ, ಕೊರಿಯರ್ ಮೇಲೂ ಸಂಶಯ. ನಾನು ಸಣ್ಣ ಮಾರಾಟಗಾರರ ಸ್ಟಾಕ್ ಮತ್ತು ಕೊರಿಯರ್ ಬಿಲ್ ಹೊಂದಿಸುವ ಕೆಲಸ ಮಾಡುತ್ತೇನೆ. ಇಂಥ ದೂರು ಬಂದಾಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ವಾಪಸ್ ಬಂದ ಪಾರ್ಸೆಲ್‌ಗಳನ್ನು ಎಲ್ಲಿ ಇಡ್ತೀರಿ?

ಅವರು ಹಿಂದಿನ ಕೋಣೆ ತೋರಿಸಿದರು. ಮೂಲೆಯಲ್ಲಿ ಕೊರಿಯರ್ ಚೀಲಗಳ ರಾಶಿ, ಒಂದನ್ನೂ ಬಿಚ್ಚಿರಲಿಲ್ಲ. ವಾಪಸ್ ನೋಡಿಕೊಳ್ಳುತ್ತಿದ್ದವರು ಒಂದೂವರೆ ತಿಂಗಳ ಹಿಂದೆ ಕೆಲಸ ಬಿಟ್ಟಿದ್ದರು. ಅಲ್ಲಿಂದ ಬಂದದ್ದೆಲ್ಲ ಅಲ್ಲೇ ಬೀಳುತ್ತಿತ್ತು. "ಬಿಡುವಾದಾಗ ಬಿಚ್ಚೋಣ ಅಂತಿದ್ವಿ ಸರ್, ಹೊಸ ಆರ್ಡರ್ ಕಳಿಸೋದೇ ಮುಗಿಯಲ್ಲ" ಅಂದರು. ಅದು ಸುಳ್ಳಲ್ಲ, ಇಡೀ ಮನೆಯವರು ಸೇರಿ ಪ್ಯಾಕಿಂಗ್ ಮಾಡುತ್ತಿದ್ದರು.

ಆ ಒಂದೂವರೆ ತಿಂಗಳ ಲೆಕ್ಕ ಹೀಗಿತ್ತು. ಕ್ಯಾಶ್ ಆನ್ ಡೆಲಿವರಿಯಲ್ಲಿ ಹೊರಟಿದ್ದು 300 ಪಾರ್ಸೆಲ್. ಅದರಲ್ಲಿ 84 ಗ್ರಾಹಕರ ಕೈ ಸೇರದೆ ವಾಪಸ್ ಹೊರಟಿದ್ದವು. ಪಾರ್ಸೆಲ್ ಎಲ್ಲಿದೆ ಅಂತ ಆನ್‌ಲೈನ್‌ನಲ್ಲಿ ತೋರಿಸುವ ಕೊರಿಯರ್ ಪ್ಯಾನೆಲ್ ಪ್ರಕಾರ 58 ಪಾರ್ಸೆಲ್ ಇವರ ಬಾಗಿಲಿಗೆ ತಲುಪಿಯಾಗಿದೆ, ಸ್ಟೇಟಸ್ `RTO Delivered`. ಉಳಿದ 26 ಇನ್ನೂ ದಾರಿಯಲ್ಲಿವೆ. ಆರ್‌ಟಿಒ ಅಂದರೆ ಕಳಿಸಿದವರಿಗೇ ವಾಪಸ್ ಅಂತ, ಈ ವ್ಯಾಪಾರದಲ್ಲಿ ಇರುವವರಿಗೆ ಹೇಳಬೇಕಾಗಿಲ್ಲ.

ಬಿಚ್ಚುವ ಮೊದಲು ಎಣಿಕೆ

ರಾಶಿ ಕಂಡ ಕೂಡಲೇ ಎಲ್ಲರಿಗೂ ಅನಿಸುವುದು, ಕತ್ತರಿ ತಗೊಂಡು ಬಿಚ್ಚಿ ಶೆಲ್ಫ್‌ಗೆ ಏರಿಸೋಣ ಅಂತ. ಇವರ ಪ್ಯಾಕಿಂಗ್ ಹುಡುಗ ಆಗಲೇ ಒಂದನ್ನು ಕೈಗೆ ತಗೊಂಡಿದ್ದ. ನಾನು ತಡೆದೆ. ಬಿಚ್ಚಿದ ಮೇಲೆ ಯಾವ ಶೂ ಯಾವ ಚೀಲದಿಂದ ಬಂತು ಅಂತ ಹೇಳೋಕೆ ಆಗಲ್ಲ. ಲೇಬಲ್ ಹರಿದು ಕಸಕ್ಕೆ ಹೋಗುತ್ತದೆ, ಜೊತೆಗೆ ಸಾಕ್ಷಿಯೂ ಹೋಗುತ್ತದೆ.

ಮೊದಲು ಪ್ಯಾನೆಲ್‌ನಿಂದ `RTO Delivered` ಪಟ್ಟಿ ಇಳಿಸಿಕೊಂಡೆವು. ಆಮೇಲೆ ರಾಶಿಯಲ್ಲಿದ್ದ ಒಂದೊಂದೇ ಚೀಲದ ವೇಬಿಲ್ ನಂಬರ್, ಅಂದರೆ ಕೊರಿಯರ್ ಆ ಪಾರ್ಸೆಲ್‌ಗೆ ಕೊಟ್ಟ ನಂಬರ್, ಸ್ಕ್ಯಾನ್ ಮಾಡಿ ಇನ್ನೊಂದು ಪಟ್ಟಿ ಮಾಡಿದೆವು. ಇಲ್ಲಿ ಒಂದು ತೊಡಕಿದೆ. ಕೆಲವು ಕೊರಿಯರ್‌ಗಳು ವಾಪಸ್ ಪ್ರಯಾಣಕ್ಕೆ ಹೊಸ ವೇಬಿಲ್ ನಂಬರ್ ಹಾಕಿ ಹಳೆಯದರ ಪಕ್ಕದಲ್ಲಿ ಇನ್ನೊಂದು ಲೇಬಲ್ ಅಂಟಿಸುತ್ತವೆ. ಹೊಸ ನಂಬರ್ ಮಾತ್ರ ಸ್ಕ್ಯಾನ್ ಮಾಡಿದರೆ ಮೂಲ ಆರ್ಡರ್‌ಗೆ ತಾಳೆ ಆಗಲ್ಲ. ಹಾಗಾಗಿ ಎರಡೂ ನಂಬರ್ ಬರೆದುಕೊಂಡೆವು.

ರಾಶಿಯಲ್ಲಿ ಸಿಕ್ಕಿದ್ದು 51 ಚೀಲ. ಅದರಲ್ಲಿ 47 ಪ್ಯಾನೆಲ್ ಪಟ್ಟಿಯಲ್ಲಿದ್ದವು. ಉಳಿದ 4 ಚೀಲ ನಮ್ಮ ಕಣ್ಣೆದುರೇ ಇದ್ದರೂ ಪ್ಯಾನೆಲ್‌ನಲ್ಲಿ ಇನ್ನೂ ದಾರಿಯಲ್ಲಿವೆ ಅಂತ ಇತ್ತು. ತಂದವನು ಕೊನೆಯ ಸ್ಕ್ಯಾನ್ ಮಾಡಿಲ್ಲ ಅಷ್ಟೇ. ಅದರಿಂದ ದೊಡ್ಡ ತೊಂದರೆಯೇನಿಲ್ಲ, ಆದರೆ ಹೀಗೆ ಸ್ಕ್ಯಾನ್ ಆಗದೆ ಉಳಿದ ಪಾರ್ಸೆಲ್‌ಗೆ ಯಾರಾದರೂ ಕಳೆದುಹೋಗಿದೆ ಅಂತ ಕ್ಲೇಮ್ ಹಾಕಿದರೆ ಮುಂದೆ ನಿಜವಾಗಿ ಕಳೆದದ್ದನ್ನೂ ಯಾರೂ ನಂಬಲ್ಲ.

ಈಗ ಮುಖ್ಯ ಪ್ರಶ್ನೆ. ಪ್ಯಾನೆಲ್ ಹೇಳುವುದು 58, ಕೈಗೆ ಸಿಕ್ಕಿದ್ದು 47. ಉಳಿದ 11 ಎಲ್ಲಿ?

5 ಪಾರ್ಸೆಲ್‌ಗೆ ಹುಡುಗನೇ ಉತ್ತರ ಕೊಟ್ಟ. "ಅಕ್ಕಾ, ಶೆಲ್ಫ್‌ನಲ್ಲಿ ಸೈಜ್ ಇಲ್ಲದಾಗ ರಾಶಿಯಲ್ಲಿ ಅದೇ ಸೈಜ್ ಸಿಕ್ಕಿದ್ರೆ ಮೇಲೆ ಹೊಸ ಲೇಬಲ್ ಹಚ್ಚಿ ಕಳಿಸ್ತಿದ್ದೆ" ಅಂದ. ಕದ್ದಿರಲಿಲ್ಲ, ಕೆಲಸ ಸಾಗಲಿ ಅಂತ ಮಾಡಿದ್ದ. ಆದರೆ ಒಳಗೆ ಏನಿದೆ ಅಂತ ನೋಡದೆ ಕಳಿಸಿದ್ದ. ಪಕ್ಕದ ಮಗ್ಗುಲಲ್ಲಿ ಹಳೆಯ ಬಾರ್‌ಕೋಡ್ ಹಾಗೇ ಉಳಿದಿತ್ತು. ಕೊರಿಯರ್‌ನವರು ಪಾರ್ಸೆಲ್ ವಿಂಗಡಿಸುವ ಹಬ್‌ನಲ್ಲಿ ಸ್ಕ್ಯಾನರ್‌ಗೆ ಯಾವ ಬಾರ್‌ಕೋಡ್ ಎದುರು ಬರುತ್ತದೋ ಅದೇ ಸತ್ಯ. ಅವುಗಳಲ್ಲಿ ಒಂದು ಹಳೆಯ ಬಾರ್‌ಕೋಡ್ ಹಿಡಿದು ಮತ್ತೆ ಇವರಿಗೇ ವಾಪಸ್ ಹೊರಟಿತ್ತು, ಹೊಸ ಗ್ರಾಹಕರು ಮಾತ್ರ ಕಾಯುತ್ತಲೇ ಇದ್ದರು. ವಾಪಸ್ ಬಂದ ಡಬ್ಬದಲ್ಲೇ ಕಳಿಸುವುದಾದರೆ ಹಳೆಯ ಲೇಬಲ್ ಪೂರ್ತಿ ಕೀಳಬೇಕು. ಕೀಳೋಕೆ ಆಗದಿದ್ದರೆ ದಪ್ಪ ಮಾರ್ಕರ್‌ನಲ್ಲಿ ಬಾರ್‌ಕೋಡ್ ಪೂರಾ ಮುಚ್ಚಬೇಕು. ಒಂದು ಗೀಟು ಎಳೆದರೆ ಸಾಲದು, ಅರ್ಧ ಉಳಿದ ಬಾರ್‌ಕೋಡನ್ನೂ ಸ್ಕ್ಯಾನರ್ ಓದಿಬಿಡುತ್ತದೆ.

ಉಳಿದ 6ಕ್ಕೆ ಕೊರಿಯರ್‌ನಿಂದ ಡೆಲಿವರಿ ಪುರಾವೆ ಕೇಳಿದೆವು, ಅಂದರೆ ಯಾರು ಸಹಿ ಮಾಡಿದರು, ಯಾವ ದಿನ, ಯಾವ ಜಾಗದಲ್ಲಿ ಎಂಬ ವಿವರ. 2 ಪಾರ್ಸೆಲ್ ಇವರ ಹಳೆಯ ಗೋದಾಮಿಗೆ ಹೋಗಿದ್ದವು. ಗೋದಾಮು ಬದಲಾಯಿಸಿದಾಗ ಪ್ಯಾನೆಲ್‌ನಲ್ಲಿ ಪಿಕಪ್ ವಿಳಾಸ ತಿದ್ದಿದ್ದರು, ವಾಪಸ್ ವಿಳಾಸ ತಿದ್ದಿರಲಿಲ್ಲ. ಎರಡೂ ಬೇರೆ ಬೇರೆ ಕಡೆ ಇರುತ್ತವೆ ಅಂತ ಎಷ್ಟೋ ಜನರಿಗೆ ಗೊತ್ತೇ ಇರಲ್ಲ. ಹಳೆಯ ಜಾಗದ ಪಕ್ಕದವರು ಸಹಿ ಮಾಡಿ ಇಟ್ಟುಕೊಂಡಿದ್ದರು, ಹೋಗಿ ತಂದದ್ದಾಯಿತು.

ಕೊನೆಯ 4 ಪಾರ್ಸೆಲ್‌ಗಳದ್ದು ಬೇಸರದ ಕಥೆ. ವಾಪಸ್ ಮಾಲು ಒಂದೊಂದಾಗಿ ಬರುವುದಿಲ್ಲ, ಕೊರಿಯರ್‌ನವರು ಕೂಡಿಹಾಕಿ ದೊಡ್ಡ ಚೀಲದಲ್ಲಿ ತರುತ್ತಾರೆ. ಒಂದು ಹಾಳೆ, ಒಂದು ಸಹಿ, ಅಥವಾ ಒಂದೇ ಒಟಿಪಿ. ಆ ದಿನದ ಹಾಳೆಯಲ್ಲಿ 14 ವೇಬಿಲ್ ಇದ್ದವು, ರಾಶಿಯಲ್ಲಿ ಆ ದಿನದ್ದು 10 ಮಾತ್ರ ಸಿಕ್ಕವು. ಮನೆಯವರು ಯಾರೋ ಎಣಿಸದೆ ಸಹಿ ಹಾಕಿದ್ದರು. ಡೆಲಿವರಿ ಹುಡುಗ ಅವಸರದಲ್ಲಿದ್ದ, ಇವರು ಪ್ಯಾಕಿಂಗ್ ಅವಸರದಲ್ಲಿದ್ದರು. ಆ ಸಹಿ ಇರುವ ತನಕ ಕೊರಿಯರ್ ಪಾಲಿಗೆ 14 ಪಾರ್ಸೆಲ್ ತಲುಪಿವೆ.

ಕ್ಯಾಮೆರಾ ಮುಂದೆ ಬಿಚ್ಚಿದ್ದು

ಎಣಿಕೆ ಮುಗಿದ ಮೇಲೆ 51 ಚೀಲಗಳನ್ನೂ ಒಂದೊಂದಾಗಿ ತೂಗಿ, ವಿಡಿಯೋ ಮಾಡುತ್ತಾ ಬಿಚ್ಚಿದೆವು. ವಿಡಿಯೋದಲ್ಲಿ ಮೊದಲು ಲೇಬಲ್ ಸ್ಪಷ್ಟವಾಗಿ ಕಾಣಬೇಕು. ಆಮೇಲೆ ಚೀಲದ ಆರೂ ಮಗ್ಗುಲು, ಟೇಪ್ ಹಚ್ಚಿದ ಜಾಗ ಹತ್ತಿರದಿಂದ, ನಂತರ ಕತ್ತರಿಸುವುದು, ಕೊನೆಗೆ ಒಳಗಿನ ವಸ್ತು. ಎಲ್ಲವೂ ಒಂದೇ ಓಟದಲ್ಲಿ, ನಡುವೆ ನಿಲ್ಲಿಸದೆ. ನಿಲ್ಲಿಸಿ ಮತ್ತೆ ಶುರು ಮಾಡಿದ ವಿಡಿಯೋ ಇಟ್ಟುಕೊಂಡು ಕ್ಲೇಮ್ ಗೆಲ್ಲುವುದು ತುಂಬಾ ಕಷ್ಟ.

38 ಪಾರ್ಸೆಲ್ ಹೋದ ಹಾಗೇ ಬಂದಿದ್ದವು. 8ರಲ್ಲಿ ಡಬ್ಬ ಜಜ್ಜಿಹೋಗಿತ್ತು, ಶೂ ಚೆನ್ನಾಗಿತ್ತು, ಡಬ್ಬ ಬದಲಾಯಿಸಿದರೆ ಸಾಕು. 3ರಲ್ಲಿ ಮಾಲೇ ಬೇರೆ: ಒಂದರಲ್ಲಿ ಯಾರೋ ಹಾಕಿ ಸವೆಸಿದ ಹಳೆಯ ಜೋಡಿ, ಒಂದರಲ್ಲಿ ಒಂದೇ ಕಾಲಿನ ಶೂ, ಇನ್ನೊಂದರಲ್ಲಿ ಇವರು ಮಾರುವುದೇ ಇಲ್ಲದ ಅಗ್ಗದ ಚಪ್ಪಲಿ. ಉಳಿದ 2 ಚೀಲದಲ್ಲಿ ಬೇರೆ ಯಾರೋ ಮಾರಾಟಗಾರರ ವಸ್ತು ಇತ್ತು, ಚೀಲವೂ ಇವರದ್ದಲ್ಲ, ಮೇಲಿನ ವಾಪಸ್ ಲೇಬಲ್ ಮಾತ್ರ ಇವರದ್ದು.

ಸಿಒಡಿಯಲ್ಲಿ ಗ್ರಾಹಕರು ದುಡ್ಡೇ ಕೊಟ್ಟಿಲ್ಲ, ಪಾರ್ಸೆಲ್ ತಗೊಂಡೇ ಇಲ್ಲ. ಹಾಗಿದ್ದರೆ ಒಳಗಿನ ಶೂ ಬದಲಾಗಿದ್ದು ಹೇಗೆ? ಇದನ್ನು ಯೋಚಿಸಬೇಕು, ಏಕೆಂದರೆ ತೆಗೆದುಕೊಳ್ಳದ ಸಿಒಡಿ ಪಾರ್ಸೆಲ್‌ಗೂ ಗ್ರಾಹಕರು ಬಳಸಿ ವಾಪಸ್ ಮಾಡಿದ್ದಕ್ಕೂ ಇರುವ ದೊಡ್ಡ ವ್ಯತ್ಯಾಸವೇ ಇದು. ಗ್ರಾಹಕರು ತಗೊಂಡು ಆಮೇಲೆ ವಾಪಸ್ ಕಳಿಸಿದರೆ ಜಗಳ ಗ್ರಾಹಕರ ಜೊತೆ. ತಗೊಳ್ಳದೇ ಬಂದದ್ದು ನಾವು ಮುಚ್ಚಿದ ಹಾಗೇ ಬರಬೇಕು. ಬಿಚ್ಚಿದ ಗುರುತು ಇದ್ದರೆ ಅದು ಬಾಗಿಲಲ್ಲಿ ದುಡ್ಡು ಕೊಡುವ ಮೊದಲೇ ತೆರೆದು ನೋಡಿದ್ದಾಗಿರಬೇಕು, ಇಲ್ಲ ದಾರಿಯಲ್ಲಿ ಆಗಿರಬೇಕು. ಎರಡೂ ಸಲ ಪಾರ್ಸೆಲ್ ಕೊರಿಯರ್ ಜವಾಬ್ದಾರಿಯಲ್ಲೇ ಇರುತ್ತದೆ.

ಗುರುತು ಹಿಡಿಯುವುದು ಕಷ್ಟವಲ್ಲ. ಇವರು ಹಚ್ಚುವುದು ಕಂದು ಟೇಪ್, ಆ ಮೂರರಲ್ಲೂ ಅದರ ಮೇಲೆ ಪಾರದರ್ಶಕ ಟೇಪ್ ಇತ್ತು. ಒಂಟಿ ಶೂ ಇದ್ದ ಪಾರ್ಸೆಲ್ ಕಳಿಸುವಾಗ 940 ಗ್ರಾಂ ಇತ್ತು, ವಾಪಸ್ ಬಂದಾಗ ನಮ್ಮ ತಕ್ಕಡಿಯಲ್ಲಿ 560 ಗ್ರಾಂ. ಬಿಚ್ಚದೆಯೇ ಗೊತ್ತಾಗುತ್ತದೆ, ಅಲ್ವಾ? ಕಳಿಸುವಾಗಿನ ತೂಕ ಬರೆದಿಡುವ ಅಭ್ಯಾಸ ಇದ್ದದ್ದಕ್ಕೆ ಇಷ್ಟು ಸಿಕ್ಕಿತು.

ಆದರೆ ಕ್ಲೇಮ್ ಹಾಕಲು ಹೋದಾಗ ರಾಶಿಯ ನಿಜವಾದ ಬೆಲೆ ಗೊತ್ತಾಯಿತು. ಇವರ ಕೊರಿಯರ್ ಒಪ್ಪಂದದಲ್ಲಿ, ಹಾಳಾದ ಅಥವಾ ಬದಲಾದ ಮಾಲಿನ ಬಗ್ಗೆ ವಾಪಸ್ ತಲುಪಿದ 48 ಗಂಟೆ ಒಳಗೆ ದೂರು ಕೊಡಬೇಕು ಅಂತ ಇತ್ತು. ಈ ಗಡುವು ಒಂದೊಂದು ಕೊರಿಯರ್‌ಗೆ ಒಂದೊಂದು ಥರ, ನಿಮ್ಮ ಒಪ್ಪಂದದಲ್ಲಿ ಏನಿದೆ ಅಂತ ಓದಿಕೊಳ್ಳಿ. ಮೂರರಲ್ಲಿ ಒಂದು ಪಾರ್ಸೆಲ್ ಮಾತ್ರ ಹಿಂದಿನ ದಿನ ಬಂದದ್ದು. ಅದರ ಕ್ಲೇಮ್ ಆಯಿತು. ಉಳಿದೆರಡು ವಾರಗಳಿಂದ ಮೂಲೆಯಲ್ಲಿ ಬಿದ್ದಿದ್ದವು. ಸಾಕ್ಷಿ ಎಷ್ಟೇ ಗಟ್ಟಿಯಾಗಿದ್ದರೂ ಗಡುವು ಮುಗಿದಿತ್ತು.

ಬೇರೆಯವರ ವಸ್ತು ಬಂದ ಎರಡು ಚೀಲಗಳ ಬಗ್ಗೆ ಒಂದು ಮಾತು. ಇದು ಹಬ್‌ನಲ್ಲಿ ವಾಪಸ್ ಲೇಬಲ್ ಅದಲುಬದಲಾದ ಲಕ್ಷಣ. ಅಂದರೆ ಇವರ ಶೂ ಇನ್ಯಾರದ್ದೋ ಮೂಲೆಯಲ್ಲಿದೆ. ಸಿಕ್ಕ ವಸ್ತುವನ್ನು ಇಟ್ಟುಕೊಳ್ಳುವುದಾಗಲಿ ಮಾರುವುದಾಗಲಿ ತಪ್ಪು. ನಾವು ಒಳಗಿನ ಮೂಲ ವೇಬಿಲ್ ಹುಡುಕಿ, ಫೋಟೋ ಸಮೇತ ಕೊರಿಯರ್‌ಗೆ ತಿಳಿಸಿದೆವು. ಅವರು ಬಂದು ಎರಡನ್ನೂ ಒಯ್ದರು. ಇವರ ಒಂದು ಜೋಡಿ ತಿರುಗಿ ಬಂತು, ಇನ್ನೊಂದು ಬರಲೇ ಇಲ್ಲ.

ಇಲ್ಲದ ಸ್ಟಾಕ್ ಮಾರಾಟ

ಕಳವಿನ ಅನುಮಾನಕ್ಕೆ ಮೂಲ ಕಾರಣ ಇದ್ದದ್ದು ಸ್ಟಾಕ್ ಆ್ಯಪ್‌ನ ಒಂದು ಸೆಟ್ಟಿಂಗ್‌ನಲ್ಲಿ. ಕೊರಿಯರ್ ಪ್ಯಾನೆಲ್‌ನಲ್ಲಿ ಸ್ಟೇಟಸ್ `RTO Initiated` ಅಂತ ಆದ ಕ್ಷಣವೇ ಆ್ಯಪ್ ಆ ಶೂವನ್ನು ಸ್ಟಾಕ್‌ಗೆ ಸೇರಿಸಿಬಿಡುತ್ತಿತ್ತು. ಪಾರ್ಸೆಲ್ ಇನ್ನೂ ಗ್ರಾಹಕರ ಊರಿನ ಹಬ್‌ನಲ್ಲಿದೆ, ಇಲ್ಲಿ ವೆಬ್‌ಸೈಟ್‌ನಲ್ಲಿ ಮಾರಾಟಕ್ಕೆ ಕೂತಿದೆ.

ಎಂಟನೇ ಸೈಜಿನ ಕಪ್ಪು ಶೂ ಒಂದನ್ನು ನೋಡಿದೆವು. ಆ್ಯಪ್‌ನಲ್ಲಿ 6 ಜೋಡಿ, ಶೆಲ್ಫ್‌ನಲ್ಲಿ ಸೊನ್ನೆ. ಆ 6ರಲ್ಲಿ 3 ರಾಶಿಯಲ್ಲಿದ್ದವು, 2 ಇನ್ನೂ ದಾರಿಯಲ್ಲಿದ್ದವು, 1 ಸಹಿ ಹಾಕಿಯೂ ಬಾರದ ನಾಲ್ಕರಲ್ಲಿ ಸೇರಿತ್ತು. ಈ ಇಲ್ಲದ ಸ್ಟಾಕ್ ನಂಬಿ ವೆಬ್‌ಸೈಟ್ 5 ಹೊಸ ಆರ್ಡರ್ ತಗೊಂಡಿತ್ತು. ಇಬ್ಬರು ಕಾದು ಕಾದು ರದ್ದು ಮಾಡಿದರು. ಮೂವರಿಗೆ ಹೊಸ ಮಾಲು ತರಿಸಿ ತಡವಾಗಿ ಕಳಿಸಿದರು. ಮೂವರದ್ದೂ ಸಿಒಡಿ. ತಡವಾದ ಕಾರಣಕ್ಕೆ ಇಬ್ಬರು ಬಾಗಿಲಲ್ಲೇ ಬೇಡ ಅಂದರು.

ಇದನ್ನು ನಾನು ಆ ಮೇಡಂಗೆ ಹಾಳೆಯ ಮೇಲೆ ಬರೆದು ತೋರಿಸಿದೆ. ಹಳೆಯ ವಾಪಸ್ ಪಾರ್ಸೆಲ್ ಬಿಚ್ಚದೆ ಇಟ್ಟಿದ್ದಕ್ಕೆ ಹೊಸ ವಾಪಸ್ ಪಾರ್ಸೆಲ್ ಹುಟ್ಟುತ್ತಿದೆ. ಆ 3 ಜೋಡಿ ಇಡೀ ಹೊತ್ತು ಹಿಂದಿನ ಕೋಣೆಯಲ್ಲೇ ಇತ್ತು! ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಪ್ಯಾಕಿಂಗ್ ಹುಡುಗನನ್ನು ಕರೆದು, ನಿನ್ನ ಮೇಲೆ ಸುಮ್ನೆ ಸಂಶಯ ಪಟ್ಟೆ ಕಣೋ ಅಂದರು. ನನಗೆ ಆ ದಿನದ ಕೆಲಸದಲ್ಲಿ ಅದೇ ಮುಖ್ಯ ಅನಿಸಿತು.

ಸೆಟ್ಟಿಂಗ್ ಆಫ್ ಮಾಡಿದೆವು. ಅದರ ಜಾಗದಲ್ಲಿ ಆ್ಯಪ್‌ನಲ್ಲೇ "ವಾಪಸ್ ದಾರಿಯಲ್ಲಿ" ಅಂತ ಒಂದು ಬೇರೆ ಗೋದಾಮು ಸೃಷ್ಟಿಸಿದೆವು. ಸಾಮಾನ್ಯ ಸ್ಟಾಕ್ ಆ್ಯಪ್‌ಗಳಲ್ಲಿ ಇದು ಸಾಧ್ಯ, ಮಾರಾಟಕ್ಕೆ ಸಿಗದ ಗೋದಾಮು ಅಂತ ಗುರುತು ಹಾಕಿದರೆ ಆಯಿತು. ಪಾರ್ಸೆಲ್ ವಾಪಸ್ ಹೊರಟಾಗ ಜೋಡಿ ಅಲ್ಲಿ ಸೇರುತ್ತದೆ. ಬಂದು, ಬಿಚ್ಚಿ, ನೋಡಿ, ಚೆನ್ನಾಗಿದೆ ಅಂತ ಆದ ಮೇಲೆ ಮಾತ್ರ ಮುಖ್ಯ ಸ್ಟಾಕ್‌ಗೆ ಬರುತ್ತದೆ. ಇದರಿಂದ ಇನ್ನೊಂದು ಉಪಯೋಗ ಕೂಡ ಆಯಿತು: ಆ ಗೋದಾಮಿನಲ್ಲಿ ತುಂಬಾ ದಿನದಿಂದ ಕೂತಿರುವ ಜೋಡಿ ಯಾವುದು ಅಂತ ಒಂದೇ ನೋಟಕ್ಕೆ ಕಾಣುತ್ತದೆ. ಎಲ್ಲೋ ಹಬ್‌ನಲ್ಲಿ ಸಿಕ್ಕಿಬಿದ್ದ ಪಾರ್ಸೆಲ್‌ಗಳನ್ನು ಹುಡುಕುವುದಕ್ಕೆ ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಒಂದು ಪಾರ್ಸೆಲ್ ಏಕೆ ವಾಪಸ್ ಬಂತು

ಬಂದ ಮೇಲೆ ಏನು ಮಾಡಬೇಕು ಅನ್ನುವುದು ಒಂದು ಕಡೆ. ಬರುವ ಮುಂಚೆ ಏನಾಯಿತು ಅಂತ ನೋಡಲು ಒಂದು ಪಾರ್ಸೆಲ್‌ನ ಇಡೀ ದಾರಿ ತೆಗೆದೆವು.

ಆರ್ಡರ್ ಬಂದದ್ದು ಸೋಮವಾರ ರಾತ್ರಿ. ಹೊರಟಿದ್ದು ಬುಧವಾರ. ಶುಕ್ರವಾರ ಮೊದಲ ಯತ್ನ, ಷರಾ "ಗ್ರಾಹಕರು ಸಿಗಲಿಲ್ಲ". ಶನಿವಾರ ಎರಡನೇ ಯತ್ನ, ಅದೇ ಷರಾ. ಮುಂದಿನ ಸೋಮವಾರ ಮೂರನೇ ಯತ್ನ, ಈ ಸಲ "ಗ್ರಾಹಕರು ನಿರಾಕರಿಸಿದರು". ಮಂಗಳವಾರ ವಾಪಸ್ ಶುರು. ಹೀಗೆ ಡೆಲಿವರಿ ಆಗದ ಪಾರ್ಸೆಲ್‌ಗಳು ಪ್ಯಾನೆಲ್‌ನಲ್ಲಿ ಎನ್‌ಡಿಆರ್ ಅನ್ನುವ ಪಟ್ಟಿಗೆ ಬರುತ್ತವೆ. ಮತ್ತೆ ಯತ್ನಿಸಿ, ವಿಳಾಸ ಹೀಗೆ ತಿದ್ದಿ, ಅಥವಾ ವಾಪಸ್ ಕಳಿಸಿ ಅಂತ ನಾವು ಅಲ್ಲಿ ಹೇಳಬಹುದು. ಅದಕ್ಕೂ ಸಮಯದ ಮಿತಿ ಇರುತ್ತದೆ. ಯಾರೂ ಏನೂ ಹೇಳದಿದ್ದರೆ ಕೊರಿಯರ್ ತನ್ನ ಪಾಡಿಗೆ ತಾನು ಯತ್ನ ಮುಗಿಸಿ ವಾಪಸ್ ಹೊರಡಿಸುತ್ತದೆ. ಇವರ ಕಡೆಯಿಂದ ಆ ಪಟ್ಟಿಯನ್ನು ಯಾರೂ ತೆರೆದೇ ಇರಲಿಲ್ಲ.

ಗ್ರಾಹಕರಿಗೆ ಫೋನ್ ಮಾಡಿದೆವು. ಯಾರೂ ಬಂದೇ ಇಲ್ಲ, ಗೊತ್ತಿಲ್ಲದ ನಂಬರ್‌ನಿಂದ ಒಂದು ಸಲ ಕಾಲ್ ಬಂದಿತ್ತು, ಕೆಲಸದಲ್ಲಿದ್ದೆ, ಎತ್ತಲಿಲ್ಲ, ನಾನೇ ಶೂಗೆ ಕಾಯ್ತಿದ್ದೆ ಅಂದರು. ಗ್ರಾಹಕರು ಹೇಳಿದ್ದೆಲ್ಲ ನಿಜ ಅಂತ ನಾನು ಕಣ್ಣುಮುಚ್ಚಿ ನಂಬಲ್ಲ, ಬೇಡ ಅಂದವರೂ ಹೀಗೆ ಹೇಳುವುದುಂಟು. ಆದರೆ ಪ್ಯಾನೆಲ್‌ನಲ್ಲಿ ಅವರ ಮಾತಿಗೆ ಪುಷ್ಟಿ ಸಿಕ್ಕಿತು. ಆ ಶನಿವಾರ ಅದೇ ಹಬ್‌ನಿಂದ ಹೊರಟಿದ್ದ ಇವರ ಇನ್ನೂ ಮೂರು ಪಾರ್ಸೆಲ್‌ಗಳಿಗೆ ರಾತ್ರಿ 8:52ಕ್ಕೆ, ಒಂದೇ ನಿಮಿಷದಲ್ಲಿ, ಒಂದೇ ಷರಾ ಬಿದ್ದಿತ್ತು. ಬೇರೆ ಬೇರೆ ಬೀದಿಯ ನಾಲ್ಕು ಮನೆಗೆ ಒಂದೇ ನಿಮಿಷದಲ್ಲಿ ಹೋಗೋಕೆ ಆಗಲ್ಲ. ದಿನದ ಕೊನೆಗೆ ಉಳಿದ ಪಾರ್ಸೆಲ್‌ಗಳಿಗೆ ಒಟ್ಟಿಗೆ ಷರಾ ಹೊಡೆದದ್ದು ಅದು. ಡೆಲಿವರಿ ಹುಡುಗನನ್ನು ನಾನು ಬೈಯುವುದಿಲ್ಲ, ಅವನ ಚೀಲದಲ್ಲಿ ಒಂದು ದಿನಕ್ಕೆ ಎಷ್ಟು ತುಂಬುತ್ತಾರೆ ಅಂತ ನೋಡಿದವರಿಗೆ ಗೊತ್ತು. ಆದರೆ ಷರಾ ನಂಬಿ ಸುಮ್ಮನಿರುವುದು ಮಾರಾಟಗಾರರಿಗೆ ದುಬಾರಿ.

ವಿಳಾಸದಲ್ಲೂ ಕೊರತೆ ಇತ್ತು. ಮನೆ ನಂಬರ್ ಇರಲಿಲ್ಲ, "ಶಾಲೆ ಹತ್ತಿರ" ಅಂತಷ್ಟೇ. ಮೊದಲ ಯತ್ನ ನಿಜವಾಗಿಯೂ ನಡೆದಿದ್ದರೂ ಅವನಿಗೆ ಮನೆ ಸಿಗುತ್ತಿರಲಿಲ್ಲ.

ಈಗ ಇವರ ಮನೆಯಲ್ಲಿ ಒಬ್ಬರು ದಿನಾ ಬೆಳಗ್ಗೆ ಎನ್‌ಡಿಆರ್ ಪಟ್ಟಿ ತೆರೆಯುತ್ತಾರೆ. ಮೊದಲ ಯತ್ನ ತಪ್ಪಿದ ಪ್ರತಿಯೊಬ್ಬರಿಗೂ ಒಂದು ಮೆಸೇಜ್: ನಾಳೆ ಬರಲಾ, ಬೇರೆ ವಿಳಾಸ ಅಥವಾ ಸಮಯ ಕೊಡ್ತೀರಾ, ಅಥವಾ ಬೇಡವಾ? ಉತ್ತರ ಬರದಿದ್ದರೆ ಒಂದು ಕಾಲ್. "ಬೇಡ" ಅನ್ನುವ ಆಯ್ಕೆ ಕೊಡಲು ಇವರಿಗೆ ಮನಸ್ಸಿರಲಿಲ್ಲ, ನಾವೇ ಹೇಳಿಕೊಟ್ಟ ಹಾಗಾಗುತ್ತದೆ ಅಂತ. ನಾನು ಪಟ್ಟು ಹಿಡಿದೆ. ಬೇಡ ಅಂತ ನಿರ್ಧರಿಸಿದವರು ಮೂರು ಸಲ ಬಾಗಿಲು ಬಡಿದರೂ ತಗೊಳ್ಳುವುದಿಲ್ಲ. ಆ ಎರಡು ಹೆಚ್ಚುವರಿ ಯತ್ನದಲ್ಲಿ ಶೂ ಸುಮ್ನೆ ಇನ್ನೂ ಕೆಲವು ದಿನ ಶೆಲ್ಫ್‌ನಿಂದ ದೂರ ಇರುತ್ತದೆ ಅಷ್ಟೇ. ಬೇಡ ಅಂದ ದಿನವೇ ವಾಪಸ್ ಹೊರಡಿಸಿದರೆ ಅದು ಬೇಗ ಬಂದು ಮತ್ತೆ ಮಾರಾಟಕ್ಕೆ ಸಿಗುತ್ತದೆ.

ಬಿಲ್‌ನಲ್ಲಿ ಸಿಕ್ಕಿದ್ದು

ಖರ್ಚನ್ನು ಅರ್ಥ ಮಾಡಿಸಲು ನಾನು ಒಂದು ಸಲದ ಸಾಗಣೆ ಖರ್ಚನ್ನೇ ಅಳತೆ ಮಾಡಿಕೊಂಡೆ. ಹೋಗುವ ಸಾಗಣೆ 1 ಅಂದರೆ, ವಾಪಸ್ ಸಾಗಣೆ ಇವರ ಒಪ್ಪಂದದಲ್ಲಿ 0.9. ಚೀಲ, ಡಬ್ಬ, ಮತ್ತೆ ಪ್ಯಾಕ್ ಮಾಡುವ ಕೂಲಿ ಸೇರಿ 0.3. ಒಟ್ಟು ಒಂದು ವಾಪಸ್‌ಗೆ 2.2 ನಷ್ಟ. ಡೆಲಿವರಿ ಆದ ಒಂದು ಜೋಡಿಯಿಂದ ಎಲ್ಲ ಕಳೆದು ಉಳಿಯುವುದು 3. ಶೂವಿನ ಅಸಲು 8.

ಒಂದೂವರೆ ತಿಂಗಳಲ್ಲಿ 216 ಡೆಲಿವರಿಯಿಂದ 648 ಬಂತು, 84 ವಾಪಸ್‌ಗೆ ಸುಮಾರು 185 ಹೋಯಿತು. ಇಷ್ಟು ಅವರಿಗೆ ಅಂದಾಜಿತ್ತು. ಅಂದಾಜಿರದೇ ಇದ್ದದ್ದು ಇದು: ಸಹಿ ಹಾಕಿ ಕಳಕೊಂಡ 4, ಕ್ಲೇಮ್ ಗಡುವು ಮೀರಿದ 2, ಅದಲುಬದಲಾಗಿ ತಿರುಗಿ ಬಾರದ 1, ಒಟ್ಟು 7 ಜೋಡಿ. ಅಸಲಿನಲ್ಲೇ 56. ಅಂದರೆ 25 ಪಾರ್ಸೆಲ್ ಹೋಗಿ ಬರುವ ಖರ್ಚಿಗೆ ಸಮ. ಎಲ್ಲರೂ ವಾಪಸ್ ಸಂಖ್ಯೆ ಕಡಿಮೆ ಮಾಡುವುದರ ಬಗ್ಗೆ ಮಾತಾಡುತ್ತಾರೆ, ಬಂದ ದಿನ ಬಿಚ್ಚುವುದರ ಬಗ್ಗೆ ಯಾರೂ ಮಾತಾಡಲ್ಲ. ಇವರ ವಿಷಯದಲ್ಲಿ ಎರಡನೆಯದು ಒಂದು ದಿನದಲ್ಲಿ ಸರಿಮಾಡಬಹುದಾದ ಕೆಲಸವಾಗಿತ್ತು.

ಕೊರಿಯರ್ ಬಿಲ್ ಸಾಲು ಸಾಲಾಗಿ ನೋಡಿದಾಗ ಎರಡು ತಪ್ಪು ಸಿಕ್ಕವು. ಒಂದು, ನಗದು ವಸೂಲಿ ಶುಲ್ಕ. ನಗದು ವಸೂಲಿಯೇ ಆಗದ ಪಾರ್ಸೆಲ್‌ಗೆ ಇವರ ಒಪ್ಪಂದದ ಪ್ರಕಾರ ಆ ಶುಲ್ಕ ವಾಪಸ್ ಬರಬೇಕು, 9 ಪಾರ್ಸೆಲ್‌ಗೆ ಬಂದಿರಲಿಲ್ಲ. ಎರಡು, ತೂಕ. ಕೊರಿಯರ್‌ಗಳು ನಿಜ ತೂಕ ಮತ್ತು ಗಾತ್ರದ ತೂಕ ಎರಡರಲ್ಲಿ ಜಾಸ್ತಿ ಇರುವುದಕ್ಕೆ ಬಿಲ್ ಹಾಕುತ್ತವೆ. ಗಾತ್ರದ ತೂಕ ಅಂದರೆ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ, ಇವರ ಒಪ್ಪಂದದಲ್ಲಿರುವ ಹಾಗೆ 5000ದಿಂದ ಭಾಗಿಸಿದ್ದು:

```
33 × 21 × 12 / 5000 = 1.66 kg
36 × 24 × 14 / 5000 = 2.42 kg
```

ಮೊದಲನೆಯದು ಹೋಗುವಾಗಿನ ಡಬ್ಬ, ಅರ್ಧ ಕಿಲೋ ಹಂತದಲ್ಲಿ 2 ಕಿಲೋ ಬಿಲ್. ಎರಡನೆಯದು ಅದೇ ಪಾರ್ಸೆಲ್ ಜಜ್ಜಿ ಉಬ್ಬಿ, ಮೇಲೆ ಇನ್ನೊಂದು ಚೀಲ ಹಾಕಿಸಿಕೊಂಡು ವಾಪಸ್ ಬಂದಾಗ ಅಳೆದದ್ದು, 2.5 ಕಿಲೋ ಬಿಲ್. ಮಾಲು ಬದಲಾಗಿಲ್ಲ, ಡಬ್ಬ ಬದಲಾಗಿಲ್ಲ, ಬಿಲ್ ಮಾತ್ರ ಒಂದು ಹಂತ ಮೇಲೆ. ಕಳಿಸುವಾಗ ಅಳತೆ ಟೇಪ್ ಹಿಡಿದು ತೆಗೆದ ಫೋಟೋ ಇದ್ದ ಪಾರ್ಸೆಲ್‌ಗಳಿಗೆ ವ್ಯತ್ಯಾಸ ವಾಪಸ್ ಸಿಕ್ಕಿತು. ಫೋಟೋ ಇಲ್ಲದವಕ್ಕೆ ಸಿಗಲಿಲ್ಲ.

ಆಮೇಲೆ ಏನು ಬದಲಾಯಿತು

ವಾಪಸ್ ಮಾಲು ಬಂದಾಗ ಒಬ್ಬರು ಹೊರಗೆ ಹೋಗಿ ಹಾಳೆಯ ಮುಂದೆ ಒಂದೊಂದೇ ವೇಬಿಲ್ ಗುರುತು ಹಾಕುತ್ತಾರೆ, ಆಮೇಲೆ ಸಹಿ. ಕಡಿಮೆ ಇದ್ದರೆ ಹಾಳೆಯ ಮೇಲೆಯೇ "14ರಲ್ಲಿ 10 ಮಾತ್ರ ಬಂದಿದೆ" ಅಂತ ಬರೆದು ಸಹಿ, ಮತ್ತು ಅದರ ಫೋಟೋ. ಚೀಲ ಹರಿದಿದ್ದರೂ ಅಲ್ಲೇ ಬರೆಯುತ್ತಾರೆ. ಮೊದಲು ಡೆಲಿವರಿ ಹುಡುಗನಿಗೆ ಬೇಸರವಾಯಿತು, ಈಗ ಅವನೇ ಸಾಲಾಗಿ ಜೋಡಿಸಿ ಕೊಡುತ್ತಾನೆ. ಬಿಚ್ಚುವುದು ಅದೇ ದಿನ, ಹೊಸ ಪ್ಯಾಕಿಂಗ್ ಶುರುವಾಗುವ ಮುಂಚೆ. ಈ ಕ್ರಮ ಬೇಕೇ ಬೇಕು ಅಂತ ಹೇಳಿದ್ದೆ, ಏಕೆಂದರೆ ಪ್ಯಾಕಿಂಗ್ ಶುರುವಾದರೆ ಬಿಚ್ಚುವ ಕೆಲಸ ನಾಳೆಗೆ ಹೋಗುತ್ತದೆ.

ಕಳಿಸುವ ಮುಂಚೆ ಸಿಒಡಿ ಆರ್ಡರ್‌ಗಳಿಗೆ ಒಂದು ಖಾತರಿ ಮೆಸೇಜ್ ಹೋಗುತ್ತದೆ. ಮನೆ ನಂಬರ್ ಇಲ್ಲದಿದ್ದರೆ ಕೇಳುತ್ತಾರೆ. ಉತ್ತರವೇ ಬರದಿದ್ದರೆ, ಕಾಲ್ ಕೂಡ ಎತ್ತದಿದ್ದರೆ, ಕಳಿಸುವುದಿಲ್ಲ. ಹಿಂದೆ ಎರಡು ಸಲ ಬೇಡ ಅಂದ ಫೋನ್ ನಂಬರ್‌ಗೆ ಸಿಒಡಿ ಇಲ್ಲ, ಮುಂಗಡ ಪಾವತಿ ಮಾತ್ರ. ಷರಾ ನೋಡಿ ಈ ಪಟ್ಟಿ ಮಾಡಬೇಡಿ ಅಂತ ಹೇಳಿದ್ದೇನೆ. 8:52ರ ಷರಾ ನಂಬಿದ್ದರೆ ಶೂಗೆ ಕಾಯುತ್ತಿದ್ದ ಆ ಗ್ರಾಹಕರೂ ಪಟ್ಟಿಗೆ ಸೇರುತ್ತಿದ್ದರು. ಗ್ರಾಹಕರೇ ಮೆಸೇಜ್‌ನಲ್ಲಿ ಅಥವಾ ಕಾಲ್‌ನಲ್ಲಿ ಬೇಡ ಅಂದದ್ದಷ್ಟೇ ಲೆಕ್ಕ.

ಎಲ್ಲ ಸಿಒಡಿಗೂ ಸ್ವಲ್ಪ ಮುಂಗಡ ತಗೊಳ್ಳೋಣವಾ ಅಂತ ಅವರು ಕೇಳಿದರು. ನಾನು ಈಗಲೇ ಬೇಡ ಅಂದೆ. ಮುಂಗಡ ಕೇಳಿದರೆ ವಾಪಸ್ ಖಂಡಿತ ಇಳಿಯುತ್ತದೆ, ಆದರೆ ಹೊಸ ಅಂಗಡಿಯ ಮೇಲೆ ನಂಬಿಕೆ ಇಲ್ಲದೆ ಸಿಒಡಿ ಆರಿಸಿದ ಒಳ್ಳೆಯ ಗ್ರಾಹಕರೂ ಹೋಗಿಬಿಡುತ್ತಾರೆ. ತಗೊಂಡರೂ, ಪಾರ್ಸೆಲ್ ಬೇಡ ಅಂದರೆ ಮುಂಗಡ ವಾಪಸ್ ಬರುತ್ತದಾ ಇಲ್ಲವಾ ಅಂತ ಆರ್ಡರ್ ಮಾಡುವ ಪುಟದಲ್ಲೇ ಸ್ಪಷ್ಟವಾಗಿ ಬರೆಯಬೇಕಾಗುತ್ತದೆ.

ಮುಂದಿನ ಒಂದೂವರೆ ತಿಂಗಳಲ್ಲಿ ಮತ್ತೆ 300 ಸಿಒಡಿ ಆರ್ಡರ್ ಬಂದವು. 31 ಖಾತರಿಯ ಹಂತದಲ್ಲೇ ಬಿದ್ದುಹೋದವು. 269 ಹೊರಟವು, 49 ವಾಪಸ್, 220 ಡೆಲಿವರಿ. ಗಮನಿಸಿ, ಡೆಲಿವರಿ 216ರಿಂದ 220ಕ್ಕೆ ಮಾತ್ರ ಏರಿದೆ. ಮಾರಾಟ ಹೆಚ್ಚಾಯಿತು ಅನ್ನುವ ಹಾಗಿಲ್ಲ. ಉಳಿತಾಯ ಆದದ್ದು ಹೋಗಲೇಬಾರದಿದ್ದ ಪಾರ್ಸೆಲ್‌ಗಳು ಹೋಗದೆ ಉಳಿದದ್ದರಿಂದ. ವಾಪಸ್ ಖರ್ಚು 185ರಿಂದ 108ಕ್ಕೆ ಇಳಿಯಿತು, ಅದರಲ್ಲಿ ಮೆಸೇಜ್ ಮತ್ತು ಕಾಲ್‌ಗಳ ಶ್ರಮ ಸೇರಿಲ್ಲ. ಉಳಿದ 49ರಲ್ಲಿ ಹೆಚ್ಚಿನವರು ಖಾತರಿ ಕೊಟ್ಟೂ ಬಾಗಿಲಲ್ಲಿ ಮನಸ್ಸು ಬದಲಾಯಿಸಿದವರು. ಇದಕ್ಕೆ ನನ್ನ ಹತ್ತಿರ ಮದ್ದಿಲ್ಲ, ದುಡ್ಡು ಕೊಡುವ ತನಕ ಬೇಡ ಅನ್ನುವ ಸ್ವಾತಂತ್ರ್ಯ ಸಿಒಡಿಯ ಒಳಗೇ ಇದೆ.

ಸಹಿ ಹಾಕಿದ ಆ 4 ಜೋಡಿಯ ಕ್ಲೇಮ್ ತಿರಸ್ಕೃತವಾಯಿತು. ಲೆಕ್ಕದ ಪುಸ್ತಕದಲ್ಲಿ ಅವುಗಳ ಮಾರಾಟದ ಬಿಲ್ ರದ್ದು ಮಾಡಿ, ಸ್ಟಾಕ್‌ನಿಂದ ತೆಗೆದು, ನಷ್ಟದ ಖಾತೆಯಲ್ಲಿ ವೇಬಿಲ್ ನಂಬರ್ ಸಮೇತ ಬೇರೆ ಸಾಲಾಗಿ ಬರೆಸಿದೆ. ಮಾರಾಟದ ಬಿಲ್ ಹಾಗೇ ಬಿಟ್ಟಿದ್ದರೆ ಬಾರದ ದುಡ್ಡಿಗೆ ತೆರಿಗೆ ಕಟ್ಟುವ ಹಾಗಾಗುತ್ತಿತ್ತು. ರಾಶಿಯಲ್ಲಿದ್ದ ಉಳಿದ ಪಾರ್ಸೆಲ್‌ಗಳ ಬಿಲ್‌ಗಳನ್ನೂ ಅದೇ ಪಟ್ಟಿ ಹಿಡಿದು ಒಂದೊಂದಾಗಿ ರದ್ದು ಮಾಡಿಸಬೇಕಾಯಿತು.